ಕೈಗಾರಿಕಾ ಕ್ರಾಂತಿಯ ಕಾರಣಗಳನ್ನು ಒಂದು ಹಾಳೆಗೆ ಇಳಿಸುವುದು ಹೇಗೆ?

*ಸರ್, ನಾನು ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಕೈಗಾರಿಕಾ ಕ್ರಾಂತಿಯ ಕಾರಣಗಳ ಅಧ್ಯಾಯ ನಮ್ಮ ಪುಸ್ತಕದಲ್ಲಿ 38 ಪುಟ ಇದೆ. ಅದನ್ನು ಒಂದೇ ಹಾಳೆಯ ಕಾಲರೇಖೆ ಮಾಡಿ, ಪ್ರತಿ ಇಸವಿಯ ಪಕ್ಕ ಚಿಕ್ಕದಾಗಿ ಕಾರಣ ಬರೆಯಬೇಕು ಅಂತ ಕೂತೆ. 43 ಇಸವಿಗಳಾದವು. ಈಗ ಓದಿದರೆ ಒಂದಕ್ಕೊಂದು ಸಂಬಂಧವೇ ಕಾಣುತ್ತಿಲ್ಲ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?*

ನಿಮ್ಮ ಪುಸ್ತಕ ವಿಷಯದ ಪ್ರಕಾರ ನಡೆಯುತ್ತದೆ. ಕೃಷಿ ಒಂದು ಕಡೆ, ಕಲ್ಲಿದ್ದಲು ಒಂದು ಕಡೆ, ಬಂಡವಾಳ, ವಸಾಹತು, ಯಂತ್ರ ಇನ್ನೊಂದು ಕಡೆ. ಕಾಲರೇಖೆ ನಡೆಯುವುದು ಇಸವಿಯ ಪ್ರಕಾರ. ಅಧ್ಯಾಯದಿಂದ ಇಸವಿಗಳನ್ನು ಕಿತ್ತು ಸಾಲಾಗಿ ಜೋಡಿಸಿದ ಕೂಡಲೇ ಈ ವಿಷಯಗಳೆಲ್ಲ ಕಲಸಿಹೋಗುತ್ತವೆ. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್, 1709ರಲ್ಲಿ ಡಾರ್ಬಿಯ ಕೋಕ್ ಕುಲುಮೆ, 1733ರಲ್ಲಿ ಹಾರುವ ಲಾಳಿ ಎಂದು ಬರೆದರೆ, ಬ್ಯಾಂಕಿನಿಂದ ಕುಲುಮೆ ಬಂತು, ಕುಲುಮೆಯಿಂದ ಲಾಳಿ ಬಂತು ಎನ್ನುವ ಹಾಗೆ ಕಾಣುತ್ತದೆ. ಹಾಗೇನೂ ಇಲ್ಲ ಅಲ್ವಾ? ನಿಮ್ಮ ಹಾಳೆಯಲ್ಲಿ ಸಂಬಂಧ ಕಾಣದಿರುವುದಕ್ಕೆ ಇದೇ ಕಾರಣ. ಹತ್ತು ಇಸವಿ ಕಡಿಮೆ ಮಾಡಿದರೂ ಇದು ಸರಿಯಾಗುವುದಿಲ್ಲ. ಮೊದಲು ವಿಂಗಡಿಸಬೇಕು.

ಅಧ್ಯಾಯವನ್ನು ಇನ್ನೊಮ್ಮೆ ಪೆನ್ಸಿಲ್ ಹಿಡಿದು ಓದಿ. ಒಂದು ದಿನ, ಒಂದು ಜಾಗ, ಒಬ್ಬ ಮನುಷ್ಯ ಅಥವಾ ಒಂದು ಕಾಯ್ದೆ ಎಂದು ಬೆರಳಿಟ್ಟು ತೋರಿಸಬಹುದಾದದ್ದಕ್ಕೆ ಅಂಚಿನಲ್ಲಿ ಚುಕ್ಕೆ ಇಡಿ. ನಿಧಾನವಾಗಿ, ಹತ್ತಾರು ವರ್ಷಗಳಲ್ಲಿ ಆದದ್ದಕ್ಕೆ ಉದ್ದ ಗೆರೆ ಎಳೆಯಿರಿ. ಲಂಡನ್ ಬೆಳೆದದ್ದು, ಇಂಗ್ಲೆಂಡಿನಲ್ಲಿ ಕೂಲಿ ಜಾಸ್ತಿ ಇದ್ದದ್ದು, ಕಲ್ಲಿದ್ದಲು ಅಗ್ಗವಾಗಿ ಸಿಕ್ಕಿದ್ದು, ಹೊಲಗಳಿಗೆ ಬೇಲಿ ಬಿದ್ದದ್ದು, ಇವೆಲ್ಲ ಗೆರೆಗಳು. ಇವುಗಳಿಗೆ ಹುಟ್ಟಿದ ದಿನ ಇಲ್ಲ. ಆದರೆ ಕಾರಣಗಳಲ್ಲಿ ದೊಡ್ಡವು ಇವೇ.

ಬೇಲಿ ಹಾಕಿದ್ದನ್ನೇ ನೋಡಿ. ಊರವರೆಲ್ಲ ಸೇರಿ ಉಳುತ್ತಿದ್ದ, ದನ ಮೇಯಿಸುತ್ತಿದ್ದ ಜಮೀನನ್ನು ವಿಂಗಡಿಸಿ ಬೇಲಿ ಹಾಕುವುದು ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ನಡೆಯಿತು. ಸಂಸತ್ತಿನ ಕಾಯ್ದೆಗಳ ಮೂಲಕ ಭರದಿಂದ ನಡೆದದ್ದು ಸುಮಾರು 1760ರಿಂದ 1820ರ ನಡುವೆ. ಪುಸ್ತಕದಲ್ಲಿ 1801ರ ಸಾಮಾನ್ಯ ಕಾಯ್ದೆಯ ಇಸವಿ ಕಣ್ಣಿಗೆ ಬೀಳುತ್ತದೆ, ಹೆಚ್ಚಿನವರು ಅದನ್ನೇ ಚುಕ್ಕೆಯಾಗಿ ಇಡುತ್ತಾರೆ. ಆಗ ಅದು ಕಾರ್ಖಾನೆಗಳೆಲ್ಲ ಶುರುವಾದ ಮೇಲೆ ಬಂದು ಕೂರುತ್ತದೆ. ಕಾರಣ ಎಂದು ಓದಿದ್ದು ಪರಿಣಾಮದ ಜಾಗಕ್ಕೆ ಹೋಗುತ್ತದೆ. ಅದಕ್ಕೇ ಇದನ್ನು ಗೆರೆಯಾಗಿ ಎಳೆಯಬೇಕು. ಹಾಳೆಯ ಕೆಳಗಿನ ಮೂರನೇ ಒಂದು ಭಾಗವನ್ನು ಗೆರೆಗಳಿಗೇ ಬಿಡಿ. ಮೇಲಿನ ಭಾಗ ಚುಕ್ಕೆಗಳಿಗೆ.

ಗೆರೆಗಳು ನಾಲ್ಕು ಸಾಕು. ನಾನಾದರೆ ಇವನ್ನು ಇಡುತ್ತೇನೆ: ಕಲ್ಲಿದ್ದಲು ಅಗ್ಗ, ಕೂಲಿ ದುಬಾರಿ, ಬೇಸಾಯದಲ್ಲಿ ಬದಲಾವಣೆ, ಕಡಲಾಚೆಯ ವ್ಯಾಪಾರ. ಇವುಗಳಲ್ಲಿ ಮೊದಲ ಎರಡನ್ನು ಅಕ್ಕಪಕ್ಕದಲ್ಲೇ ಎಳೆಯಿರಿ, ಏಕೆಂದರೆ ಇವೆರಡೂ ಜೊತೆಯಾಗಿಯೇ ಕೆಲಸ ಮಾಡಿದವು. ಯಂತ್ರ ಎಂದರೆ ಕೂಲಿ ಉಳಿಸಿ ಬಂಡವಾಳ, ಇಂಧನ ಖರ್ಚು ಮಾಡುವ ಸಾಧನ. ಕೂಲಿ ದುಬಾರಿಯಾಗಿ ಇಂಧನ ಅಗ್ಗವಾಗಿದ್ದ ಕಡೆ ಅದನ್ನು ಕೊಂಡವನಿಗೆ ಲಾಭ. ಬಂಗಾಳದಲ್ಲಿ ನೂಲುವ ಕೈಗಳಿಗೆ ಕೊಡುತ್ತಿದ್ದ ಕೂಲಿ ತೀರಾ ಕಡಿಮೆ. ಅಲ್ಲಿ ಅದೇ ಯಂತ್ರ ತಂದಿಟ್ಟರೂ ಹಾಕಿದ ದುಡ್ಡು ಹುಟ್ಟುತ್ತಿರಲಿಲ್ಲ. ‘ಯಂತ್ರ ಇಂಗ್ಲೆಂಡಿನಲ್ಲೇ ಯಾಕೆ ಬಂತು’ ಎಂಬ ಪ್ರಶ್ನೆಗೆ ಹೆಸರುಗಳ ಪಟ್ಟಿಗಿಂತ ಈ ಎರಡು ಗೆರೆ ಚೆನ್ನಾಗಿ ಉತ್ತರ ಕೊಡುತ್ತವೆ ಎಂದು ನನ್ನ ಅನಿಸಿಕೆ. ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪುವುದಿಲ್ಲ. ನಿಮ್ಮ ಪುಸ್ತಕ ಬೇರೆ ಕಾರಣಕ್ಕೆ ಜಾಸ್ತಿ ತೂಕ ಕೊಟ್ಟಿದ್ದರೆ ಅದನ್ನೇ ದಪ್ಪ ಗೆರೆ ಮಾಡಿ.

ಇನ್ನು ಕಾಲರೇಖೆಗೆ ಒಂದು ಕೊನೆ ಬೇಕು. ನಿಮ್ಮ 43 ಇಸವಿಗಳಲ್ಲಿ 1825ರ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲು, 1830ರ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು, 1833ರ ಕಾರ್ಖಾನೆ ಕಾಯ್ದೆ ಖಂಡಿತ ಇರುತ್ತವೆ. ಇವು ಮುಖ್ಯವಾದವೇ. ಆದರೆ ಕ್ರಾಂತಿ ಶುರುವಾಗಲು ಇವು ಕಾರಣವಲ್ಲ, ಶುರುವಾದ ಮೇಲೆ ಬಂದವು. ನಾನು ಪಾಠ ಮಾಡುವಾಗ 1785ಕ್ಕೆ ನಿಲ್ಲಿಸುತ್ತಿದ್ದೆ. ಆ ಇಸವಿಯೇ ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸಿದರೆ ನಿಮ್ಮ ಅರ್ಧ ಇಸವಿಗಳು ತಾವಾಗಿಯೇ ಉದುರುತ್ತವೆ. ಅಮೆರಿಕದಲ್ಲಿ 1793ರಲ್ಲಿ ಬಂದ ವಿಟ್ನಿಯ ಹತ್ತಿ ಬಿಡಿಸುವ ಜಿನ್ ಕೂಡ ಹೋಗುತ್ತದೆ. ಅದು ಮುಂದೆ ಕಚ್ಚಾ ಹತ್ತಿಯ ಹೊಳೆಯನ್ನೇ ಹರಿಸಿತು, ನಿಜ. ಆದರೆ ಲ್ಯಾಂಕಶೈರ್‌ನ ಗಿರಣಿಗಳು ಅದಕ್ಕೂ ಮೊದಲೇ ತಿರುಗುತ್ತಿದ್ದವು. ಆ ಹೊತ್ತಿಗೆ ಅವುಗಳಿಗೆ ಹತ್ತಿ ಬರುತ್ತಿದ್ದದ್ದು ಹೆಚ್ಚಾಗಿ ವೆಸ್ಟ್ ಇಂಡೀಸ್‌ನಿಂದ, ಗುಲಾಮರು ಬೆಳೆದ ಹೊಲಗಳಿಂದ. ‘ಕಡಲಾಚೆಯ ವ್ಯಾಪಾರ’ದ ಗೆರೆಯ ಮೇಲೆ ಈ ಒಂದು ಮಾತನ್ನು ಬರೆದುಕೊಳ್ಳಿ. ಎಷ್ಟೋ ಟಿಪ್ಪಣಿಗಳಲ್ಲಿ ಗುಲಾಮರ ಹೆಸರೇ ಇರುವುದಿಲ್ಲ.

ಈಗ ಚುಕ್ಕೆಗಳು. ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಡಬೇಡಿ. ಎರಡು ಎಳೆ ಮಾಡಿ, ಹತ್ತಿಯದೊಂದು, ಕಲ್ಲಿದ್ದಲಿನದೊಂದು. ಒಂದೊಂದು ಎಳೆಯಲ್ಲೂ ಹಿಂದಿನ ಚುಕ್ಕೆ ಬಿಟ್ಟುಹೋದ ತೊಡಕನ್ನು ಮುಂದಿನ ಚುಕ್ಕೆ ಬಿಡಿಸುತ್ತದೆ. ಹತ್ತಿಯ ಎಳೆಯನ್ನು ಪೂರ್ತಿ ಮಾಡಿ ತೋರಿಸುತ್ತೇನೆ.

ಇದು ಶುರುವಾಗುವುದು ನಮ್ಮ ಕಡೆಯ ಬಟ್ಟೆಯಿಂದ. 17ನೇ ಶತಮಾನದ ಕೊನೆಗೆ ಭಾರತದ ಬಣ್ಣದ ಹತ್ತಿಬಟ್ಟೆಗೆ ಇಂಗ್ಲೆಂಡಿನಲ್ಲಿ ಬಹಳ ಬೇಡಿಕೆ. ಕಲ್ಲಿಕೋಟೆಯ ಹೆಸರಿನಿಂದಲೇ ಅದಕ್ಕೆ ‘ಕ್ಯಾಲಿಕೋ’ ಎಂಬ ಹೆಸರು ಬಂದಿತ್ತು. ಉಣ್ಣೆ, ರೇಷ್ಮೆ ನೇಯುವವರು ಗಲಾಟೆ ಮಾಡಿದರು. 1700ರ ಕಾಯ್ದೆ ಅಚ್ಚು ಹಾಕಿದ, ಬಣ್ಣ ಹಾಕಿದ ಬಟ್ಟೆಯ ಆಮದನ್ನು ತಡೆಯಿತು. 1721ರ ಕಾಯ್ದೆ ಇನ್ನೂ ಮುಂದೆ ಹೋಗಿ, ಅಚ್ಚು ಹಾಕಿದ ಹತ್ತಿಬಟ್ಟೆಯನ್ನು ಉಡುವುದನ್ನೇ ಹೆಚ್ಚುಕಡಿಮೆ ನಿಷೇಧಿಸಿತು. ಬಟ್ಟೆಯ ಆಸೆ ಹಾಗೇ ಉಳಿಯಿತು, ಭಾರತದ ಬಟ್ಟೆ ಸಿಗದ ಹಾಗಾಯಿತು. ಆ ಖಾಲಿ ಜಾಗ ಸಿಕ್ಕಿದ್ದು ಲ್ಯಾಂಕಶೈರ್ ನೇಕಾರರಿಗೆ. ಅವರಿಗೆ ಗಟ್ಟಿಯಾದ ಹತ್ತಿ ನೂಲು ಮಾಡಲು ಬರುತ್ತಿರಲಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆ ಹಾಸು, ಅಡ್ಡಕ್ಕೆ ನೇಯುವ ಎಳೆ ಹೊಕ್ಕು. ಹಾಸಿಗೆ ಲಿನನ್ ನೂಲು, ಹೊಕ್ಕಿಗೆ ಹತ್ತಿ ನೂಲು ಹಾಕಿ ನೇಯುತ್ತಿದ್ದರು. ಇಂಥ ಬೆರಕೆ ಬಟ್ಟೆಗೆ ಅಚ್ಚು ಹಾಕಬಹುದು ಎಂದು 1736ರಲ್ಲಿ ಕಾನೂನು ಒಪ್ಪಿಗೆ ಕೊಟ್ಟಿತು.

1733ರಲ್ಲಿ ಜಾನ್ ಕೇಯ ಹಾರುವ ಲಾಳಿ ಬರುತ್ತದೆ. ಮೊದಲು ಅಗಲದ ಬಟ್ಟೆ ನೇಯಲು ಮಗ್ಗದ ಎರಡೂ ಬದಿಗೆ ಒಬ್ಬೊಬ್ಬರು ಬೇಕಿತ್ತು, ಲಾಳಿಯನ್ನು ಆಚೆಯಿಂದ ಈಚೆಗೆ ಎಸೆಯಲು. ಈಗ ಒಬ್ಬನೇ ಹಗ್ಗ ಜಗ್ಗಿದರೆ ಲಾಳಿ ತಾನೇ ಓಡುತ್ತದೆ. ನೇಯ್ಗೆ ಚುರುಕಾಯಿತು. ಒಬ್ಬ ನೇಕಾರನಿಗೆ ನೂಲು ಒದಗಿಸಲು ಮೊದಲೇ ಹಲವು ಹೆಂಗಸರು ಚರಕದ ಮುಂದೆ ಕೂರಬೇಕಿತ್ತು. ಈಗ ಅದೂ ಸಾಲದಾಯಿತು. ತೊಡಕು ಮಗ್ಗದಿಂದ ಚರಕಕ್ಕೆ ದಾಟಿತು.

ಹಾರ್ಗ್ರೀವ್ಸ್‌ನ ಜೆನ್ನಿ ಸುಮಾರು 1764ರದು. ಮೊದಲ ಜೆನ್ನಿಯಲ್ಲಿ 8 ಕದಿರು. ಒಬ್ಬರು ಕೂತು ಎಂಟು ಎಳೆ ನೂಲಬಹುದು. ಆದರೆ ಜೆನ್ನಿಯ ನೂಲು ಮೆತ್ತಗೆ. ಹೊಕ್ಕಿಗೆ ಆಗುತ್ತದೆ, ಹಾಸಿಗೆ ಆಗುವುದಿಲ್ಲ. ಮಗ್ಗದಲ್ಲಿ ಬಿಗಿದು ಕಟ್ಟಿದರೆ ಕಡಿದುಹೋಗುತ್ತದೆ. ಈ ಒಂದು ವಿವರ ಎಷ್ಟೋ ಪುಸ್ತಕಗಳಲ್ಲಿ ಬಿಟ್ಟುಹೋಗಿರುತ್ತದೆ. ಅದಿಲ್ಲದೆ ಮುಂದಿನ ಚುಕ್ಕೆ ಅರ್ಥವಾಗುವುದಿಲ್ಲ. ‘ಜೆನ್ನಿ ಇತ್ತಲ್ಲ, ಮತ್ತೆ ಆರ್ಕ್‌ರೈಟ್ ಯಾಕೆ ಬೇಕಾಯಿತು’ ಎಂದು ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದ್ದಳು. ಸರಿಯಾದ ಪ್ರಶ್ನೆ. ಅವಳ ಮನೆಯಲ್ಲಿ ಮಗ್ಗ ಇತ್ತು. ಹಾಸಿನ ನೂಲು ಗಟ್ಟಿ ಇರಬೇಕು ಎಂದ ಕೂಡಲೇ ಅವಳಿಗೆ ತಿಳಿಯಿತು.

ಆರ್ಕ್‌ರೈಟ್‌ನ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದ್ದು 1769ರಲ್ಲಿ. ಅದು ಹತ್ತಿಯನ್ನು ರೋಲರ್‌ಗಳ ನಡುವೆ ಎಳೆದು, ಹುರಿ ಹಾಕಿ ಗಟ್ಟಿ ನೂಲು ಕೊಡುತ್ತಿತ್ತು. ಹಾಸಿಗೂ ಹತ್ತಿ ನೂಲು ಸಿಕ್ಕಿತು, ಪೂರ್ತಿ ಹತ್ತಿಬಟ್ಟೆ ಸಾಧ್ಯವಾಯಿತು. ಅದನ್ನು ನಡೆಸಲು ಮನುಷ್ಯನ ಕೈ ಸಾಲದು, ನೀರಿನ ಚಕ್ರ ಬೇಕು. ಮನೆಯೊಳಗೆ ನೀರಿನ ಚಕ್ರ ಇಡಲಾಗುತ್ತದೆಯೇ? ಹಾಗಾಗಿ 1771ರಲ್ಲಿ ಡರ್ಬಿಶೈರ್‌ನ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಪಕ್ಕ ಗಿರಣಿ ಕಟ್ಟಿಸಿದರು. ಜನ ಯಂತ್ರದ ಹತ್ತಿರ ಬರಬೇಕಾಯಿತು. 1774ರಲ್ಲಿ, 1721ರ ನಿಷೇಧವನ್ನು ಸಡಿಲಿಸಿ, ಬ್ರಿಟನ್ನಿನಲ್ಲಿ ತಯಾರಾದ ಪೂರ್ತಿ ಹತ್ತಿಬಟ್ಟೆಗೆ ಒಪ್ಪಿಗೆ ಸಿಕ್ಕಿತು. ಇದನ್ನು ಕೇಳಿದ್ದು ಆರ್ಕ್‌ರೈಟ್ ಮತ್ತು ಅವರ ಪಾಲುದಾರರೇ. 1721 ಮತ್ತು 1774ನ್ನು ಹಾಳೆಯಲ್ಲಿ ಒಂದು ಕಮಾನಿನಿಂದ ಜೋಡಿಸಿ. ಭಾರತದ ಬಟ್ಟೆಗೆ ಬಾಗಿಲು ಮುಚ್ಚಿದ ಕಾಯ್ದೆ ಐವತ್ತು ವರ್ಷ ಇದ್ದು, ತಮ್ಮದೇ ಬಟ್ಟೆ ತಯಾರಾದ ಮೇಲೆ ಆ ಬಟ್ಟೆಗೆ ಮಾತ್ರ ಸಡಿಲವಾಯಿತು.

ಹಾಳೆಯ ಮೇಲೆ ಈ ಎಳೆ ಇಷ್ಟೇ ಆಗಬೇಕು:

1721 – ಅಚ್ಚಿನ ಹತ್ತಿಬಟ್ಟೆಗೆ ನಿಷೇಧ. ಆಸೆ ಉಳಿಯಿತು, ಭಾರತದ ಬಟ್ಟೆ ಹೋಯಿತು. ಸ್ಥಳೀಯ ನೇಕಾರರಿಗೆ ಜಾಗ.

1733 – ಹಾರುವ ಲಾಳಿ. ನೇಯ್ಗೆ ಚುರುಕು, ನೂಲು ಸಾಲದು.

1764 – ಜೆನ್ನಿ. ಒಬ್ಬರಿಗೆ 8 ಕದಿರು. ಆದರೆ ನೂಲು ಮೆತ್ತಗೆ, ಹೊಕ್ಕಿಗೆ ಮಾತ್ರ.

1771 – ಕ್ರಾಮ್‌ಫರ್ಡ್ ಗಿರಣಿ. ಹಾಸಿಗೆ ಗಟ್ಟಿ ನೂಲು. ನೀರು ಬೇಕು, ಆದ್ದರಿಂದ ಕಾರ್ಖಾನೆ.

1774 – ನಿಷೇಧ ಸಡಿಲ. ಪೂರ್ತಿ ಹತ್ತಿಬಟ್ಟೆಗೆ ಸ್ವದೇಶಿ ಮಾರುಕಟ್ಟೆ.

1779 – ಕ್ರಾಂಪ್ಟನ್‌ನ ಮ್ಯೂಲ್. ನೂಲು ಗಟ್ಟಿಯೂ ನಯವೂ; ಮಸ್ಲಿನ್ ಕೂಡ ಸಾಧ್ಯ; ಈಗ ನೂಲು ಹೆಚ್ಚು, ನೇಕಾರರು ಕಡಿಮೆ.

ಪ್ರತಿ ಟಿಪ್ಪಣಿಯಲ್ಲೂ ಎರಡು ತುಂಡು ಇರುವುದನ್ನು ಗಮನಿಸಿ. ಏನು ಸಾಧ್ಯವಾಯಿತು, ಏನು ಸಾಲದಾಯಿತು ಅಥವಾ ಬೇಕಾಯಿತು. ಎರಡನೇ ತುಂಡೇ ಮುಂದಿನ ಚುಕ್ಕೆಯನ್ನು ಎಳೆದು ತರುವುದು. ನಿಮ್ಮ ಹಾಳೆಯಲ್ಲಿ ಬಹುಶಃ ‘1764 – ಹಾರ್ಗ್ರೀವ್ಸ್ ಸ್ಪಿನ್ನಿಂಗ್ ಜೆನ್ನಿ ಕಂಡುಹಿಡಿದನು, ಇದರಿಂದ ಉತ್ಪಾದನೆ ಹೆಚ್ಚಿತು’ ಎಂದಿರುತ್ತದೆ. ‘ಉತ್ಪಾದನೆ ಹೆಚ್ಚಿತು’ ಎನ್ನುವುದನ್ನು ಯಾವ ಯಂತ್ರದ ಪಕ್ಕದಲ್ಲಿ ಬರೆದರೂ ಸರಿಹೋಗುತ್ತದೆ. ಎಲ್ಲ ಕಡೆ ಸರಿಹೋಗುವ ಮಾತು ಏನನ್ನೂ ಹೇಳುವುದಿಲ್ಲ. ಅದನ್ನು ಹೊಡೆದುಹಾಕಿ.

ಇಲ್ಲಿ ಇಸವಿಯದೇ ಒಂದು ತಾಪತ್ರಯ ಇದೆ. ಒಂದು ಯಂತ್ರಕ್ಕೆ ಮೂರು ನಾಲ್ಕು ಇಸವಿ ಇರುತ್ತವೆ: ಹೊಳೆದದ್ದು, ಪೇಟೆಂಟ್ ಆದದ್ದು, ಕೆಲಸಕ್ಕೆ ಇಳಿದದ್ದು, ಹರಡಿದ್ದು. ಜೆನ್ನಿಗೆ ಪೇಟೆಂಟ್ ಆದದ್ದು 1770ರಲ್ಲಿ. ಪುಸ್ತಕಗಳು ಒಂದೊಂದು ಕಡೆ ಒಂದೊಂದು ಇಸವಿ ಕೊಡುವುದು ಇದಕ್ಕೇ. ಹಾರುವ ಲಾಳಿ 1733ರದಾದರೂ ಹತ್ತಿ ನೇಕಾರರಲ್ಲಿ ಹರಡಿದ್ದು ಎರಡು ಮೂರು ದಶಕ ಕಳೆದ ಮೇಲೆ. ಆದ್ದರಿಂದಲೇ 1733ರಿಂದ 1764ರವರೆಗೆ ನಡುವೆ ಖಾಲಿ ಕಾಣುತ್ತದೆ. ಒಂದು ನಿಯಮ ಮಾಡಿಕೊಳ್ಳಿ: ಚುಕ್ಕೆ ಇಡುವುದು ಯಂತ್ರ ಬಂದ ಅಥವಾ ಕೆಲಸಕ್ಕೆ ಇಳಿದ ಇಸವಿಗೆ, ಹರಡಿದ್ದು ನಿಧಾನವಾದರೆ ಅಲ್ಲಿಂದ ಒಂದು ಚುಕ್ಕೆಸಾಲಿನ ಬಾಲ. ಕಾರ್ಟ್‌ರೈಟ್‌ನ ಯಂತ್ರಮಗ್ಗಕ್ಕೆ ಈ ಬಾಲ ಬಹಳ ಉದ್ದ. ಅದು 1785ರದು, ಆದರೆ 1813ರಲ್ಲೂ ಇಡೀ ಬ್ರಿಟನ್ನಿನಲ್ಲಿ ಇದ್ದದ್ದು ಸುಮಾರು 2,400 ಯಂತ್ರಮಗ್ಗ ಮಾತ್ರ. ‘1785ರಲ್ಲಿ ಯಂತ್ರಮಗ್ಗ ಬಂತು, ಕೈಮಗ್ಗದವರು ಬೀದಿಗೆ ಬಿದ್ದರು’ ಎಂದು ಬರೆದರೆ ತಪ್ಪು. ಮ್ಯೂಲ್ ಕೊಟ್ಟ ಅಗ್ಗದ ನೂಲಿನಿಂದ ಆ ವರ್ಷಗಳಲ್ಲಿ ಕೈಮಗ್ಗದವರಿಗೆ ಒಳ್ಳೆಯ ಕಾಲವೇ ಇತ್ತು. ಅವರ ಕಷ್ಟ ಬಂದದ್ದು ಆಮೇಲೆ.

ಕಲ್ಲಿದ್ದಲಿನ ಎಳೆಯನ್ನು ನೀವೇ ಮಾಡಬಲ್ಲಿರಿ. ದಾರಿ ಮಾತ್ರ ಹೇಳುತ್ತೇನೆ. 1700ರ ಹೊತ್ತಿಗೆ ಲಂಡನ್ನಿನಲ್ಲಿ 5 ಲಕ್ಷಕ್ಕೂ ಹೆಚ್ಚು ಜನ. ಅವರ ಒಲೆಗೆ ಕಟ್ಟಿಗೆ ಸಾಲದೆ ನ್ಯೂಕಾಸಲ್ ಕಡೆಯಿಂದ ಹಡಗಿನಲ್ಲಿ ಕಲ್ಲಿದ್ದಲು ಬರುತ್ತಿತ್ತು. ಗಣಿ ಆಳವಾದಷ್ಟೂ ನೀರು ತುಂಬುವುದು ಜಾಸ್ತಿ. 1712ರ ನ್ಯೂಕಮನ್ ಯಂತ್ರ ಆ ನೀರು ಎತ್ತಲೆಂದೇ ಬಂದದ್ದು, ಡಡ್ಲಿ ಕೋಟೆಯ ಹತ್ತಿರದ ಗಣಿಯಲ್ಲಿ. ಅದು ಕಲ್ಲಿದ್ದಲನ್ನು ಸಿಕ್ಕಾಪಟ್ಟೆ ತಿನ್ನುತ್ತಿತ್ತು. ಗಣಿಯ ಬಾಯಲ್ಲೇ ಇದ್ದದ್ದರಿಂದ ನಡೆಯಿತು, ಬೇರೆ ಕಡೆ ಒಯ್ದರೆ ಕಟ್ಟುತ್ತಿರಲಿಲ್ಲ. ಇದೇ ಮುಂದಿನ ತೊಡಕು.

ವಾಟ್ ಬರುವುದು ಇಲ್ಲಿ. ‘ವಾಟ್ ಹಬೆಯಂತ್ರ ಕಂಡುಹಿಡಿದ’ ಎಂದು ಬರೆಯಬೇಡಿ, 1712 ನಿಮ್ಮ ಹಾಳೆಯಲ್ಲೇ ಇದೆಯಲ್ಲ. ನ್ಯೂಕಮನ್ ಯಂತ್ರದಲ್ಲಿ ಒಂದೇ ಸಿಲಿಂಡರನ್ನು ಪ್ರತಿ ಸಲ ಕಾಯಿಸಿ, ತಣ್ಣೀರು ಹಾಕಿ ತಣಿಸಬೇಕಿತ್ತು. ಶಾಖವೆಲ್ಲ ಹಾಳು. ಹಬೆಯನ್ನು ಬೇರೆ ಪಾತ್ರೆಯಲ್ಲಿ ತಣಿಸಿದರೆ ಸಿಲಿಂಡರ್ ಬಿಸಿಯಾಗೇ ಇರುತ್ತದೆ ಎಂದು ವಾಟ್‌ಗೆ ಹೊಳೆದದ್ದು 1765ರಲ್ಲಿ. ಪೇಟೆಂಟ್ 1769. ಯಂತ್ರ ನಿಜವಾಗಿ ಕೆಲಸಕ್ಕೆ ನಿಂತದ್ದು 1776ರಲ್ಲಿ. ನಡುವೆ ಹನ್ನೊಂದು ವರ್ಷ ಏನಾಗುತ್ತಿತ್ತು? ದುಡ್ಡಿನ ತೊಂದರೆ ಒಂದು. ಅದಕ್ಕೆ ಉದ್ಯಮಿ ಮ್ಯಾಥ್ಯೂ ಬೋಲ್ಟನ್ ಸಿಕ್ಕರು. ಇನ್ನೊಂದು, ಹಬೆ ಸೋರದ ಹಾಗೆ ಸಿಲಿಂಡರನ್ನು ಗುಂಡಗೆ ಕೊರೆಯಲು ಯಾರಿಗೂ ಬರುತ್ತಿರಲಿಲ್ಲ. ಫಿರಂಗಿ ಕೊರೆಯಲೆಂದು ಜಾನ್ ವಿಲ್ಕಿನ್ಸನ್ 1774ರಲ್ಲಿ ಪೇಟೆಂಟ್ ಪಡೆದ ಕೌಶಲ ಆ ತೊಡಕು ಬಿಡಿಸಿತು. ಹಾಗಾಗಿ ಚುಕ್ಕೆ 1776ಕ್ಕೆ, ಟಿಪ್ಪಣಿಯಲ್ಲಿ ‘ಫಿರಂಗಿ ಕೊರೆಯುವ ಯಂತ್ರದಿಂದ ಸಿಲಿಂಡರ್ ಸರಿಹೋಯಿತು; ಕಲ್ಲಿದ್ದಲು ಖರ್ಚು ಇಳಿಯಿತು, ಗಣಿಯಿಂದ ದೂರವೂ ನಡೆಸಬಹುದು’. ಬೋಲ್ಟನ್ ಮತ್ತು ವಾಟ್ ಗಿರಾಕಿಗಳಿಂದ ಉಳಿತಾಯವಾದ ಇಂಧನದ ಬೆಲೆಯಲ್ಲಿ ಮೂರನೇ ಒಂದು ಪಾಲು ಕೇಳುತ್ತಿದ್ದರು. ಆ ಯಂತ್ರದ ಹಿರಿಮೆ ಯಾವುದರಲ್ಲಿತ್ತು ಎನ್ನುವುದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

1709ರ ಡಾರ್ಬಿಯನ್ನು ಇದೇ ಎಳೆಗೆ ಸೇರಿಸಿ: ಇದ್ದಿಲಿನ ಬದಲು, ಕಲ್ಲಿದ್ದಲಿನಿಂದ ಮಾಡಿದ ಕೋಕ್‌ನಲ್ಲಿ ಕಬ್ಬಿಣ ಕರಗಿಸಿದರು. ಇದಕ್ಕೂ ಉದ್ದ ಬಾಲ ಇದೆ, ಬೇರೆಯವರು ಹಿಂಬಾಲಿಸಿದ್ದು 1750ರ ನಂತರ. 1761ರ ಬ್ರಿಡ್ಜ್‌ವಾಟರ್ ಕಾಲುವೆಗೂ ಜಾಗ ಕೊಡಿ. ವರ್ಸ್ಲಿ ಗಣಿಯಿಂದ ದೋಣಿಯಲ್ಲಿ ಬಂದ ಕಲ್ಲಿದ್ದಲಿನ ಬೆಲೆ ಮ್ಯಾಂಚೆಸ್ಟರ್‌ನಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು.

ಈಗ 1785ಕ್ಕೆ ಬನ್ನಿ. ಆ ವರ್ಷ ನಾಟಿಂಗ್‌ಹ್ಯಾಮ್‌ಶೈರ್‌ನ ಪ್ಯಾಪಲ್‌ವಿಕ್‌ನ ಹತ್ತಿ ಗಿರಣಿಗೆ ವಾಟ್ ಯಂತ್ರ ಬಂತು. ಅಲ್ಲಿಯವರೆಗೆ ನೂಲಿನ ಗಿರಣಿಗಳು ನೀರಿನ ಹತ್ತಿರವೇ ಇರಬೇಕಿತ್ತು. ಈಗ ಕಲ್ಲಿದ್ದಲು ಸಿಗುವ ಊರಲ್ಲೆಲ್ಲ ಇರಬಹುದು. ಅದೇ ವರ್ಷ ಆರ್ಕ್‌ರೈಟ್‌ನ ಇನ್ನೊಂದು ಪೇಟೆಂಟನ್ನು, 1775ರದ್ದನ್ನು, ನ್ಯಾಯಾಲಯ ರದ್ದುಮಾಡಿತು, ಆರ್ಕ್‌ರೈಟ್‌ನ ಯಂತ್ರಗಳನ್ನು ಯಾರು ಬೇಕಾದರೂ ಇಡಬಹುದಾಯಿತು. ನಿಮ್ಮ ಎರಡು ಎಳೆಗಳು ಗಂಟು ಬೀಳುವ ಜಾಗ ಇದು. ನಾನು ಅಲ್ಲಿಗೆ ನಿಲ್ಲಿಸುವುದು ಇದಕ್ಕೆ.

1757ರ ಪ್ಲಾಸಿ ಎಲ್ಲಿ ಹೋಗಬೇಕು ಎಂದು ನಿಮಗೆ ಅನಿಸಿರುತ್ತದೆ. ಬಂಗಾಳದ ಹಣ ಬ್ರಿಟನ್ನಿನ ಯಂತ್ರಗಳಿಗೆ ಬಂಡವಾಳವಾಯಿತು ಎಂಬ ವಾದ ಹಳೆಯದು, ಅದರ ಮೇಲೆ ಚರ್ಚೆ ಈಗಲೂ ಇದೆ. ಬಂಗಾಳದಿಂದ ಸಂಪತ್ತು ಹೋದದ್ದು ನಿಜ. ಆದರೆ ಆ ಹಣ ಇಂಥ ಗಿರಣಿಗೆ ಹೋಯಿತು ಎಂದು ಬಾಣ ಎಳೆಯುವುದು ಕಷ್ಟ. ಶುರುವಿನ ಗಿರಣಿಗಳಿಗೆ ತೀರಾ ದೊಡ್ಡ ಬಂಡವಾಳವೂ ಬೇಕಿರಲಿಲ್ಲ, ಎಷ್ಟೋ ಸಲ ವ್ಯಾಪಾರಿಗಳು, ನೆಂಟರು, ಪಾಲುದಾರರು ಸೇರಿಸಿದ ದುಡ್ಡು ಸಾಕಾಗುತ್ತಿತ್ತು. ಇಂಥ ಕಡೆ ಚುಕ್ಕೆ ಇಟ್ಟು, ಬಾಣವನ್ನು ತುಂಡು ತುಂಡಾಗಿ ಎಳೆದು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಭಾರತದ ಪಾತ್ರ ಕಳೆದುಹೋಗುವುದಿಲ್ಲ. 1721ರ ಬಾಣ ಗಟ್ಟಿಯಾಗಿ ನಿಲ್ಲುತ್ತದೆ, ಅದಕ್ಕೆ ಕಾಯ್ದೆಯೇ ಸಾಕ್ಷಿ.

ಕೊನೆಗೆ ಹಾಳೆ ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಕೆಲಸ ಮಾಡಿ. ಹತ್ತಿಯ ಎಳೆಯ ಟಿಪ್ಪಣಿಗಳನ್ನು ಮಾತ್ರ ಚೀಟಿಗಳಲ್ಲಿ ಬರೆಯಿರಿ, ಇಸವಿ ಬೇಡ. ಕಲಸಿ ಗೆಳತಿಯ ಕೈಗೆ ಕೊಡಿ, ಕ್ರಮದಲ್ಲಿ ಜೋಡಿಸಲು ಹೇಳಿ. ‘ನೂಲು ಸಾಲದು’ ಮೊದಲು, ‘8 ಕದಿರು, ಆದರೆ ಮೆತ್ತಗೆ’ ಆಮೇಲೆ, ‘ಹಾಸಿಗೆ ಗಟ್ಟಿ ನೂಲು’ ಅದರ ನಂತರ ಎಂದು ಅವಳು ಜೋಡಿಸಿದರೆ, ನಿಮ್ಮ ಟಿಪ್ಪಣಿಯಲ್ಲಿ ಕಾರಣ ಇದೆ. ಎಲ್ಲಿ ತಡವರಿಸುತ್ತಾಳೋ ಆ ಎರಡು ಚೀಟಿಗಳ ನಡುವೆ ಏನೋ ಬಿಟ್ಟುಹೋಗಿದೆ, ಪುಸ್ತಕದ ಆ ಪುಟಕ್ಕೆ ಮತ್ತೆ ಹೋಗಿ. ಬ್ಯಾಂಕಿನ ಚೀಟಿಯನ್ನೂ ಡಾರ್ಬಿಯ ಚೀಟಿಯನ್ನೂ ಕೊಟ್ಟರೆ ಯಾವುದು ಮೊದಲು ಎಂದು ಅವಳಿಗೆ ಹೇಳಲಾಗುವುದಿಲ್ಲ. ಅದು ತಪ್ಪಲ್ಲ. ಅವೆರಡೂ ಬೇರೆ ಬೇರೆ ಎಳೆಯವು, ಹಾಳೆಯ ಮೇಲೂ ಬೇರೆಯಾಗಿಯೇ ಇರಲಿ.